ವಾರಂಟಿ ರಿಪೇರಿಗೆ ಎಷ್ಟು ತೆಗೆದಿಡಬೇಕು? ಹಳೇ ಜಾಬ್ ಕಾರ್ಡ್‌ಗಳಿಂದ ಲೆಕ್ಕ ಹಾಕುವ ಬಗೆ

ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಗೃಹೋಪಯೋಗಿ ವಸ್ತುಗಳ ಅಂಗಡಿಯವರಿಗೆ ಒಂದು ತೊಡಕಿದೆ. ಗ್ರೈಂಡರ್ ಮಾರಿದ್ದಾಗಿದೆ, ದುಡ್ಡು ಬಂದಿದೆ, ಲಾಭವೂ ಪುಸ್ತಕಕ್ಕೆ ಏರಿದೆ. ಆದರೆ ಅದೇ ಗ್ರೈಂಡರ್ ಮುಂದಿನ ವರ್ಷ ಬೇರಿಂಗ್ ಹೋಯ್ತು ಅಂತ ವಾಪಸ್ ಬರುತ್ತದೆ. ಆಗ ಆಗುವ ಖರ್ಚು ನಿಜವಾಗಿ ಯಾವ ವರ್ಷದ್ದು? ಮಾರಿದ ವರ್ಷದ್ದೇ. ಅದಕ್ಕೇ ಮಾರಿದ ವರ್ಷದಲ್ಲೇ ಒಂದು ಅಂದಾಜು ಮೊತ್ತವನ್ನು ಖರ್ಚು ಅಂತ ಬರೆದು, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆ ಅಂತ ತೋರಿಸಬೇಕು. ಇದೇ ವಾರಂಟಿ ಪ್ರಾವಿಷನ್. ಇದಕ್ಕಾಗಿ ಬ್ಯಾಂಕಿನಲ್ಲಿ ಬೇರೆ ದುಡ್ಡು ಇಡಬೇಕಾಗಿಲ್ಲ. ಪುಸ್ತಕದಲ್ಲಿ ಬರೆದರೆ ಸಾಕು.

ಎಷ್ಟು ಅಂತ ಬರೆಯಬೇಕು ಅನ್ನೋದೇ ಪ್ರಶ್ನೆ. ಬಹಳಷ್ಟು ಕಡೆ ಈ ವರ್ಷದ ರಿಪೇರಿ ಖರ್ಚನ್ನು ಈ ವರ್ಷದ ಮಾರಾಟದಿಂದ ಭಾಗಿಸಿ, ಬಂದ ಶೇಕಡಾವಾರನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ವ್ಯಾಪಾರ ಬೆಳೆಯುತ್ತಿರುವ ಅಂಗಡಿಯಲ್ಲಿ ಈ ದಾರಿ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ. ಯಾಕೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ದಾವಣಗೆರೆಯಲ್ಲಿ ಒಂದು ಅಂಗಡಿ ಅಂದುಕೊಳ್ಳಿ. ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ ಎಲ್ಲ ಇದೆ. ಜೊತೆಗೆ ಕೊಯಮತ್ತೂರಿನಿಂದ ಟೇಬಲ್ ಟಾಪ್ ವೆಟ್ ಗ್ರೈಂಡರ್ ತರಿಸಿ, ತಮ್ಮದೇ ಅಂಗಡಿ ಹೆಸರಿನ ಸ್ಟಿಕ್ಕರ್ ಅಂಟಿಸಿ, ಎರಡು ವರ್ಷದ ವಾರಂಟಿ ಕಾರ್ಡ್ ಕೊಟ್ಟು ಮಾರುತ್ತಾರೆ. ಅಂಕಿಗಳು ಕಲ್ಪಿತ, ಲೆಕ್ಕದ ಬಗೆ ಮಾತ್ರ ನಿಜದ್ದು.

ಮೊದಲು: ವಾರಂಟಿ ಯಾರದು?

ಅಂಗಡಿಯಲ್ಲಿ ಮಾರುವ ಎಲ್ಲದಕ್ಕೂ ಪ್ರಾವಿಷನ್ ಬೇಡ. ದೊಡ್ಡ ಕಂಪನಿಯ ಫ್ರಿಜ್ ಕೆಟ್ಟರೆ ರಿಪೇರಿ ಮಾಡಿಕೊಡುವುದು ಕಂಪನಿಯ ಸರ್ವಿಸ್ ಸೆಂಟರ್. ಅಂಗಡಿಯವರು ಫೋನ್ ಮಾಡಿ ಕಂಪ್ಲೇಂಟ್ ಬುಕ್ ಮಾಡಿಸಿ ಕೊಡುತ್ತಾರೆ, ಅಷ್ಟೇ. ಅಲ್ಲಿ ಹೊಣೆ ಕಂಪನಿಯದು. ಆ ಮಾರಾಟವನ್ನು ಈ ಲೆಕ್ಕಕ್ಕೆ ಎಳೆದು ತಂದರೆ ಶೇಕಡಾವಾರು ಸುಮ್ನೆ ಕೆಳಗಿಳಿಯುತ್ತದೆ.

ದುಡ್ಡು ಪಡೆದು ಪ್ರತ್ಯೇಕವಾಗಿ ಮಾರುವ ಎಕ್ಸ್‌ಟೆಂಡೆಡ್ ವಾರಂಟಿಯೂ ಇಲ್ಲಿಗೆ ಸೇರುವುದಿಲ್ಲ. ಅದು ಒಂದು ಸೇವೆಯ ಮಾರಾಟ. ಬಂದ ದುಡ್ಡನ್ನು ಇನ್ನೂ ಗಳಿಸದ ಆದಾಯ ಅಂತ ಇಟ್ಟುಕೊಂಡು, ವಾರಂಟಿ ಅವಧಿ ನಡೆದಂತೆ ಆದಾಯಕ್ಕೆ ತೆಗೆದುಕೊಳ್ಳಬೇಕು.

ಉಳಿಯುವುದು ಅಂಗಡಿಯವರು ತಾವೇ ಮಾತು ಕೊಟ್ಟು, ಬೇರೆ ದುಡ್ಡು ತೆಗೆದುಕೊಳ್ಳದೆ ಮಾರಿದ ವಸ್ತುಗಳು. ನಮ್ಮ ಉದಾಹರಣೆಯಲ್ಲಿ ಈ ಗ್ರೈಂಡರ್ ಒಂದೇ. ಕಾರ್ಡಿನಲ್ಲಿ ಬರೆಯದಿದ್ದರೂ "ನಮ್ಮ ಅಂಗಡೀಲಿ ತಗೊಂಡ್ರೆ ಮೂರು ವರ್ಷ ಫ್ರೀ ನೋಡ್ಕೊಡ್ತೀವಿ ಬಿಡಿ ಅಕ್ಕ" ಅಂತ ಎಲ್ಲರಿಗೂ ಹೇಳಿ, ಹಾಗೇ ನಡೆದುಕೊಂಡೂ ಬಂದಿದ್ದರೆ ಅದೂ ಹೊಣೆಯೇ. ಅಪರೂಪಕ್ಕೆ ಒಬ್ಬ ಹಳೇ ಗಿರಾಕಿಗೆ ಮುಲಾಜಿಗೆ ಮಾಡಿಕೊಟ್ಟದ್ದು ಹೊಣೆಯಲ್ಲ.

ಜಾಬ್ ಕಾರ್ಡ್‌ನಲ್ಲಿ ಎರಡು ದಿನಾಂಕ ಬೇಕು

ಜಾಬ್ ಕಾರ್ಡ್ ಅಂದರೆ ಒಂದೊಂದು ರಿಪೇರಿಗೂ ಬರೆದಿಡುವ ಚೀಟಿ. ಈ ಇಡೀ ಲೆಕ್ಕ ನಿಂತಿರುವುದು ಅದರಲ್ಲಿನ ಒಂದು ಮಾಹಿತಿಯ ಮೇಲೆ. ರಿಪೇರಿಗೆ ಬಂದ ಗ್ರೈಂಡರ್ ಯಾವತ್ತು ಮಾರಿದ್ದು? ರಿಪೇರಿಯ ದಿನಾಂಕವನ್ನು ಎಲ್ಲರೂ ಬರೆಯುತ್ತಾರೆ. ಮಾರಿದ ದಿನಾಂಕವನ್ನು ಬರೆಯುವವರು ಕಡಿಮೆ. ಗಿರಾಕಿ ಬಿಲ್ ಕಳೆದುಕೊಂಡಿದ್ದರೆ ಗ್ರೈಂಡರ್ ತಳದಲ್ಲಿರುವ ಸೀರಿಯಲ್ ನಂಬರ್ ನೋಡಿ, ಮಾರಾಟದ ಬಿಲ್ಲಿನಲ್ಲಿ ಹುಡುಕಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕುವ ಅಭ್ಯಾಸ ಇಲ್ಲದಿದ್ದರೆ ಇವತ್ತಿಂದಲೇ ಶುರು ಮಾಡಿ. ಹಳೆಯದಕ್ಕೆ ವಾರಂಟಿ ಕಾರ್ಡಿನ ಸೀಲು, ಗಿರಾಕಿಯ ಫೋನ್ ನಂಬರ್, ಇವುಗಳಿಂದ ಹುಡುಕಬೇಕಾಗುತ್ತದೆ.

ಆಮೇಲೆ ಒಂದೊಂದು ಕಾರ್ಡಿಗೂ ಖರ್ಚು ಕಟ್ಟಬೇಕು. ಬಿಡಿಭಾಗದ ಕೊಂಡ ಬೆಲೆ ಹಾಕಿ, ಮಾರುವ ಬೆಲೆಯಲ್ಲ. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ಬಿಟ್ಟು ಹಾಕಿ. ಹೊರಗೆ ವೈಂಡಿಂಗ್ ಮಾಡಿಸಿದ್ದರೆ ಅದರ ಚಾರ್ಜು, ಮನೆಯಿಂದ ತರಿಸಿದ ಆಟೋ ಬಾಡಿಗೆ, ಮೆಕ್ಯಾನಿಕ್ ಕೂಲಿ ಸೇರಿಸಿ. ಮೆಕ್ಯಾನಿಕ್ ತಿಂಗಳ ಸಂಬಳದವನಾದರೆ ವಾರಂಟಿ ಕೆಲಸಕ್ಕೆ ಹೋದ ಸಮಯದಷ್ಟು ಪಾಲು ಹಾಕಿ, ಪ್ರತಿ ವರ್ಷವೂ ಅದೇ ರೀತಿ ಹಾಕಿ. ದುಡ್ಡು ಪಡೆದು ಮಾಡಿದ ರಿಪೇರಿ, ಅಂಗಡಿಯಲ್ಲೇ ಸ್ಟಾಕಿನಲ್ಲಿದ್ದಾಗ ಕೆಟ್ಟ ಪೀಸು, ಇವೆರಡೂ ಬೇಡ.

ಕೊಯಮತ್ತೂರಿನ ಸಪ್ಲೈಯರ್ ಕೆಲವು ಮೋಟಾರ್‌ಗಳ ದುಡ್ಡು ವಾಪಸ್ ಕೊಡುತ್ತಾನೆ ಅಂದುಕೊಳ್ಳಿ. ಅದನ್ನು ಖರ್ಚಿನಲ್ಲಿ ಕಳೆಯದೆ ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಲೆಕ್ಕದ ನಿಯಮ ಎಎಸ್ 29ರ ಪ್ರಕಾರ ಹೊಣೆಯನ್ನು ಪೂರ್ತಿ ತೋರಿಸಬೇಕು. ವಾಪಸ್ ಬರುವುದು ಬಹುತೇಕ ಖಚಿತ ಇದ್ದರೆ ಮಾತ್ರ ಅದನ್ನು ಬೇರೆ ಆಸ್ತಿಯಾಗಿ ತೋರಿಸಬಹುದು. ಗಿರಾಕಿಗೆ ಮಾತು ಕೊಟ್ಟವರು ನೀವು. ಸಪ್ಲೈಯರ್ ಕೈಕೊಟ್ಟರೂ ರಿಪೇರಿ ನಿಮ್ಮ ತಲೆಗೇ ತಾನೇ?

ಕ್ಲೇಮನ್ನು ಮಾರಿದ ವರ್ಷಕ್ಕೆ ಕಟ್ಟುವುದು

ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಒಂದು ಜಾಬ್ ಕಾರ್ಡ್ ಏರಿಸಿ. `A` ಕಾರ್ಡ್ ನಂಬರ್, `B` ಮಾರಿದ ದಿನಾಂಕ, `C` ಮಾರಿದ ಆರ್ಥಿಕ ವರ್ಷ, `D` ರಿಪೇರಿ ದಿನಾಂಕ, `E` ರಿಪೇರಿಯ ಆರ್ಥಿಕ ವರ್ಷ, `F` ಖರ್ಚು. ದಿನಾಂಕದಿಂದ ಆರ್ಥಿಕ ವರ್ಷ ತೆಗೆಯಲು `C2`ನಲ್ಲಿ ಹೀಗೆ ಬರೆಯಿರಿ. `E2`ಗೆ `B2` ಇದ್ದ ಕಡೆ `D2` ಹಾಕಿದರಾಯಿತು.

```
=IF(MONTH(B2)>=4, YEAR(B2)&"-"&RIGHT(YEAR(B2)+1,2), YEAR(B2)-1&"-"&RIGHT(YEAR(B2),2))
```

2022-23ರಲ್ಲಿ ಮಾರಿದ ಗ್ರೈಂಡರ್‌ಗಳಿಗೆ 2023-24ರಲ್ಲಿ ಎಷ್ಟು ಖರ್ಚಾಯಿತು ಅನ್ನೋದು ಹೀಗೆ ಸಿಗುತ್ತದೆ.

```
=SUMIFS(F:F, C:C, "2022-23", E:E, "2023-24")
```

ಎಲ್ಲ ಜೋಡಿಗಳನ್ನೂ ತೆಗೆದರೆ ನಮ್ಮ ಅಂಗಡಿಯ ಚಿತ್ರ ಹೀಗಿರುತ್ತದೆ. ಕ್ಲೇಮು ಅಂದರೆ ವಾರಂಟಿ ರಿಪೇರಿಗೆ ಆದ ಖರ್ಚು. ಮಾರಾಟದ ಮೊತ್ತ ಜಿಎಸ್‌ಟಿ ಮತ್ತು ವಾಪಸ್ ಬಂದ ಮಾಲು ಬಿಟ್ಟು.

| ಮಾರಿದ ವರ್ಷ | ಮಾರಾಟ (ರೂ.) | ಅದೇ ವರ್ಷದ ಕ್ಲೇಮು | ಮರುವರ್ಷ | ಮೂರನೇ ವರ್ಷ |
|---|---|---|---|---|
| 2021-22 | 40,00,000 | 16,000 | 40,000 | 24,000 |
| 2022-23 | 50,00,000 | 21,000 | 51,000 | 28,000 |
| 2023-24 | 60,00,000 | 24,000 | 63,000 | ಇನ್ನೂ ಇದೆ |
| 2024-25 | 80,00,000 | 34,000 | ಇನ್ನೂ ಇದೆ | ಇನ್ನೂ ಇದೆ |

ವಾರಂಟಿ ಎರಡೇ ವರ್ಷದ್ದು, ಮೂರನೇ ವರ್ಷದ ಕಾಲಮ್ಮು ಎಲ್ಲಿಂದ ಬಂತು ಅಂತ ಅನ್ನಿಸಬಹುದು. 2022ರ ದೀಪಾವಳಿಗೆ ಮಾರಿದ ಗ್ರೈಂಡರ್‌ನ ವಾರಂಟಿ 2024ರ ದೀಪಾವಳಿ ಹೊತ್ತಿಗೆ ಮುಗಿಯುತ್ತದೆ. ಅಂದರೆ ಅದು 2022-23, 2023-24, 2024-25 ಈ ಮೂರೂ ಲೆಕ್ಕದ ವರ್ಷಗಳನ್ನು ಮುಟ್ಟುತ್ತದೆ.

ಮಧ್ಯದ ಕಾಲಮ್ಮು ದೊಡ್ಡದಾಗಿರುವುದಕ್ಕೂ ಕಾರಣ ಇದೆ. ಮೊದಲ ವರ್ಷದ ಕೊನೆಗೆ ಬಹಳಷ್ಟು ಗ್ರೈಂಡರ್‌ಗಳಿಗೆ ಇನ್ನೂ ಕೆಲವೇ ತಿಂಗಳ ವಯಸ್ಸು. ಮರುವರ್ಷ ಪೂರ್ತಿ 12 ತಿಂಗಳು ಓಡುತ್ತವೆ. ರಿಪೇರಿಯ ಸ್ವಭಾವವೂ ಬದಲಾಗುತ್ತದೆ. ಶುರುವಿನಲ್ಲಿ ಬರುವುದು ಕೆಪಾಸಿಟರ್, ಸ್ವಿಚ್, ಸಡಿಲವಾದ ಬೆಲ್ಟ್, ಅಂದರೆ ಕಡಿಮೆ ಖರ್ಚಿನ ಕೆಲಸ. ದಿನಾ ಅಕ್ಕಿ ಉದ್ದು ರುಬ್ಬಿ ತೊಳೆದು ಸೀಲ್ ಸವೆದ ಮೇಲೆ ಹಿಟ್ಟಿನ ನೀರು ಬೇರಿಂಗಿಗೆ ಇಳಿಯುತ್ತದೆ. ಬೇರಿಂಗ್ ಬಿಗಿಯಾದರೆ ಮೋಟಾರ್ ಎಳೆಯಲಾರದೆ ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ದೊಡ್ಡ ಬಿಲ್ಲು ಅದೇ. ಇದೆಲ್ಲ ಮಾರಿದ ಕೂಡಲೇ ಬರುವ ಖರ್ಚಲ್ಲ.

ಈಗ ಸುಲಭದ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. 2024-25ರಲ್ಲಿ ಅಂಗಡಿ ಒಟ್ಟು ಖರ್ಚು ಮಾಡಿದ್ದು 28,000 + 63,000 + 34,000 = 1,25,000 ರೂಪಾಯಿ. ಇದನ್ನು 80 ಲಕ್ಷದಿಂದ ಭಾಗಿಸಿದರೆ ಶೇ. 1.56. ಆದರೆ ಕ್ಲೇಮು ಪೂರ್ತಿ ಮುಗಿದ ಎರಡೂ ವರ್ಷಗಳನ್ನು ನೋಡಿ. 40 ಲಕ್ಷಕ್ಕೆ 80,000, 50 ಲಕ್ಷಕ್ಕೆ 1,00,000. ಎರಡೂ ಸರಿಯಾಗಿ ಶೇ. 2. ಗ್ರೈಂಡರ್ ಗುಣ ಏನೂ ಸುಧಾರಿಸಿಲ್ಲ. ಹಳೇ, ಚಿಕ್ಕ ಮಾರಾಟದ ಕ್ಲೇಮನ್ನು ಹೊಸ, ದೊಡ್ಡ ಮಾರಾಟದಿಂದ ಭಾಗಿಸಿದ್ದರಿಂದ ಅಂಕಿ ಇಳಿಯಿತು ಅಷ್ಟೇ. ಮಾರಾಟ ಕುಸಿಯುತ್ತಿರುವ ಅಂಗಡಿಯಲ್ಲಿ ಇದೇ ಲೆಕ್ಕ ಉಲ್ಟಾ ಹೊಡೆದು ಜಾಸ್ತಿ ತೋರಿಸುತ್ತದೆ.

ಶೇಕಡಾವಾರು, ಆಮೇಲೆ ಮೊತ್ತ

ಒಂದೊಂದು ಕಾಲಮ್ಮಿಗೂ ಬೇರೆ ಬೇರೆ ದರ ತೆಗೆಯಬೇಕು. ಮೇಲೆ ಆ ಕಾಲಮ್ಮಿನ ಕ್ಲೇಮುಗಳ ಮೊತ್ತ, ಕೆಳಗೆ ಅವೇ ವರ್ಷಗಳ ಮಾರಾಟದ ಮೊತ್ತ. ಕ್ಲೇಮು ಇನ್ನೂ ಬರದ ವರ್ಷದ ಮಾರಾಟವನ್ನು ಕೆಳಗೆ ಸೇರಿಸಬೇಡಿ. ಎಕ್ಸೆಲ್‌ನಲ್ಲಿ ಜನ ಎಡವುವುದು ಇಲ್ಲೇ.

ಅದೇ ವರ್ಷದ ಕ್ಲೇಮು 95,000, ಮಾರಾಟ 2.30 ಕೋಟಿ, ದರ ಶೇ. 0.41. ಮರುವರ್ಷಕ್ಕೆ 1,54,000 ಕ್ಲೇಮು, 1.50 ಕೋಟಿ ಮಾರಾಟ, ದರ ಶೇ. 1.03. ಮೂರನೇ ವರ್ಷಕ್ಕೆ 52,000 ಕ್ಲೇಮು, 90 ಲಕ್ಷ ಮಾರಾಟ, ದರ ಶೇ. 0.58. ಮೂರೂ ಕೂಡಿದರೆ ಶೇ. 2.02.

ಇನ್ನು ಟೇಬಲ್ಲಿನಲ್ಲಿ "ಇನ್ನೂ ಇದೆ" ಅಂತ ಬರೆದ ಮೂರು ಖಾನೆಗಳನ್ನು ತುಂಬಿದರಾಯಿತು. ಅವುಗಳ ಮೊತ್ತವೇ 2025ರ ಮಾರ್ಚ್ 31ಕ್ಕೆ ಬೇಕಾದ ಪ್ರಾವಿಷನ್.

2023-24ರ ಮಾರಾಟಕ್ಕೆ ಮೂರನೇ ವರ್ಷದ ಪಾಲು: 60 ಲಕ್ಷದ ಶೇ. 0.58, ಅಂದರೆ 34,800. 2024-25ರ ಮಾರಾಟಕ್ಕೆ ಮರುವರ್ಷದ ಪಾಲು: 80 ಲಕ್ಷದ ಶೇ. 1.03, ಅಂದರೆ 82,400. ಅದರದ್ದೇ ಮೂರನೇ ವರ್ಷದ ಪಾಲು: 80 ಲಕ್ಷದ ಶೇ. 0.58, ಅಂದರೆ 46,400. ಒಟ್ಟು 1,63,600 ರೂಪಾಯಿ.

2022-23ರ ಮಾರಾಟಕ್ಕೆ ಏನೂ ಬೇಡ, ಆ ವಾರಂಟಿಗಳೆಲ್ಲ ಮುಗಿದಿವೆ. ಒಂದು ವಿಷಯ ಬಿಟ್ಟು. ಮಾರ್ಚ್ ಕೊನೆಗೆ ರಿಪೇರಿಗೆ ಅಂತ ಬಂದು, ಇನ್ನೂ ಬಿಚ್ಚದೆ ಮೂಲೆಯಲ್ಲಿ ಕೂತಿರುವ ಗ್ರೈಂಡರ್‌ಗಳನ್ನು ಎಣಿಸಿ. ವಾರಂಟಿ ಇದ್ದಾಗಲೇ ಬಂದು, ಖರ್ಚು ಏಪ್ರಿಲ್‌ನಲ್ಲಿ ಆಗುವಂಥವು 2022-23ರವು ಇದ್ದರೆ ಅವುಗಳ ಅಂದಾಜು ಖರ್ಚನ್ನು ಬೇರೆ ಸೇರಿಸಿ. ನಮ್ಮ ಉದಾಹರಣೆಯಲ್ಲಿ ಅಂಥವು ಇಲ್ಲ ಅಂತ ಇಟ್ಟುಕೊಳ್ಳೋಣ.

ಕಂಪನಿಯಾಗಿ ನೋಂದಾಯಿಸಿದ ಅಂಗಡಿಯಾದರೆ ಮುಂದಿನ 12 ತಿಂಗಳಲ್ಲಿ ಖರ್ಚಾಗುವ 1,17,200 ಅಲ್ಪಾವಧಿ ಪ್ರಾವಿಷನ್ನಿಗೆ, ಉಳಿದ 46,400 ದೀರ್ಘಾವಧಿಗೆ ಹೋಗುತ್ತದೆ.

ಪುಸ್ತಕದಲ್ಲಿ ಹೇಗೆ ಬರೆಯುವುದು

ಹೋದ ವರ್ಷ, ಅಂದರೆ 2024ರ ಮಾರ್ಚ್ 31ಕ್ಕೆ, ಆಗ ಕೈಲಿದ್ದ ಅಂಕಿಗಳಿಂದ ಇದೇ ಬಗೆಯಲ್ಲಿ ಲೆಕ್ಕ ಹಾಕಿದ್ದರೆ 1,26,600 ಬರುತ್ತಿತ್ತು. ಆಗ ಮರುವರ್ಷದ ದರ ಶೇ. 1.01, ಮೂರನೇ ವರ್ಷದ ದರ ಶೇ. 0.60. ಆ 1,26,600 ಪುಸ್ತಕದಲ್ಲಿದೆ ಅಂದುಕೊಳ್ಳಿ.

ಚಿಕ್ಕ ಅಂಗಡಿಗೆ ಸುಲಭದ ದಾರಿ ಇದು. ವರ್ಷವಿಡೀ ಆಗುವ ವಾರಂಟಿ ಖರ್ಚನ್ನೆಲ್ಲ ಟ್ಯಾಲಿಯಲ್ಲಿ ಒಂದೇ ಖರ್ಚಿನ ಖಾತೆಗೆ ಹಾಕುತ್ತಾ ಹೋಗಿ. ಅದು 1,25,000. ವರ್ಷದ ಕೊನೆಗೆ ಪ್ರಾವಿಷನ್ 1,26,600ರಿಂದ 1,63,600ಕ್ಕೆ ಏರಬೇಕು. ವ್ಯತ್ಯಾಸ 37,000. ವಾರಂಟಿ ಖರ್ಚು ಖಾತೆಗೆ ಡೆಬಿಟ್, ವಾರಂಟಿ ಪ್ರಾವಿಷನ್ ಖಾತೆಗೆ ಕ್ರೆಡಿಟ್, ಒಂದೇ ಜರ್ನಲ್. ಲಾಭ-ನಷ್ಟಕ್ಕೆ ಹೋಗುವ ಒಟ್ಟು ಖರ್ಚು 1,62,000. ಇದು 80 ಲಕ್ಷದ ಹೆಚ್ಚುಕಮ್ಮಿ ಶೇ. 2.02. ಹೀಗೆ ಹೊಂದಿಕೊಂಡರೆ ಲೆಕ್ಕ ಹಳಿ ಮೇಲಿದೆ ಅಂತ ಅರ್ಥ.

ಮಾಮೂಲಿ ಆಗುವ ತಪ್ಪೊಂದಿದೆ. ಪ್ರತಿ ವರ್ಷ ಮಾರಾಟದ ಶೇ. 2 ಪೂರ್ತಿ ಹೊಸದಾಗಿ ಪ್ರಾವಿಷನ್ನಿಗೆ ಸೇರಿಸುತ್ತಾರೆ, ರಿಪೇರಿ ಖರ್ಚನ್ನು ಬೇರೆಯಾಗಿಯೂ ಬರೆಯುತ್ತಾರೆ. ಒಂದೇ ರಿಪೇರಿ ಎರಡು ಸಲ ಖರ್ಚಾಯಿತು. ಪ್ರಾವಿಷನ್ ಖಾತೆ ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಾ ಹೋಗಿ ಎಂದೂ ಇಳಿಯದಿದ್ದರೆ ಈ ತಪ್ಪನ್ನೇ ಹುಡುಕಿ.

ಅಂದಾಜು ಸರಿಯಾಗಿತ್ತಾ?

ಪರೀಕ್ಷೆ ಸರಳ. ಹೋದ ವರ್ಷ ತೆಗೆದಿಟ್ಟಿದ್ದು 1,26,600. ಅದು ಆ ಹೊತ್ತಿಗಾಗಲೇ ಮಾರಿದ್ದ ಗ್ರೈಂಡರ್‌ಗಳಿಗೆ. ಅವಕ್ಕೆ ಈ ವರ್ಷ ನಿಜವಾಗಿ ಖರ್ಚಾದದ್ದು 28,000 + 63,000 = 91,000. ಇನ್ನೂ ಬರಬಹುದು ಅಂತ ಈಗ ಅಂದಾಜಿಸಿದ್ದು 34,800. ಕೂಡಿದರೆ 1,25,800. ಕೇವಲ 800 ರೂಪಾಯಿ ವ್ಯತ್ಯಾಸ. ಉದಾಹರಣೆಯಾದ್ದರಿಂದ ಇಷ್ಟು ನೀಟಾಗಿ ಬಂತು, ನಿಜ ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಆಚೀಚೆ ಆಗುತ್ತದೆ. ವ್ಯತ್ಯಾಸ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಸತತವಾಗಿ ಒಂದೇ ಕಡೆಗೆ ವಾಲುತ್ತಿದ್ದರೆ ದರದಲ್ಲೇ ಏನೋ ಐಬಿದೆ.

ಇನ್ನೊಂದು ಪರೀಕ್ಷೆ ಪೀಸಿನ ಲೆಕ್ಕ. ರಿಪೇರಿ ಖರ್ಚು ಓಡುವುದು ಗ್ರೈಂಡರ್ ಸಂಖ್ಯೆಯ ಮೇಲೆ, ಅದರ ಬೆಲೆಯ ಮೇಲಲ್ಲ. ಒಂದು ಗ್ರೈಂಡರಿಗೆ ಸರಾಸರಿ 8,000 ರೂಪಾಯಿ, ಶೇ. 2 ಅಂದರೆ ಗ್ರೈಂಡರಿಗೆ 160 ರೂಪಾಯಿ. ನೂರರಲ್ಲಿ 10 ವಾಪಸ್ ಬಂದು, ತಲಾ 1,600 ಖರ್ಚಾದರೆ ಇದೇ ಮೊತ್ತ. ಈಗ ನೀವು ಬೆಲೆಯನ್ನು 8,800ಕ್ಕೆ ಏರಿಸಿದಿರಿ, ಒಳಗಿನ ಮೋಟಾರ್ ಅದೇ. ಕ್ಲೇಮು ಗ್ರೈಂಡರಿಗೆ 160ರಲ್ಲೇ ಇದ್ದರೆ ದರ ಶೇ. 1.82ಕ್ಕೆ ಇಳಿಯುತ್ತದೆ. ಹಬ್ಬದ ಆಫರಿನಲ್ಲಿ ಬೆಲೆ ಇಳಿಸಿ ಮಾರಿದರೆ ದರ ಏರುತ್ತದೆ. ಶೇಕಡಾವಾರು ಬದಲಾದಾಗ ಕೆಟ್ಟ ಗ್ರೈಂಡರ್‌ಗಳ ಸಂಖ್ಯೆ ಬದಲಾಯಿತೋ, ಬರೀ ಬೆಲೆ ಬದಲಾಯಿತೋ ಅಂತ ನೋಡಿಯೇ ಮುಂದುವರಿಯಿರಿ.

ಮಾರಾಟ ವರ್ಷದ ಯಾವ ತಿಂಗಳಿನಲ್ಲಿ ಆಯಿತು ಅನ್ನೋದೂ ಮುಖ್ಯ. ಈ ಸಲ ಮಾರಾಟದ ಅರ್ಧ ಫೆಬ್ರವರಿ-ಮಾರ್ಚ್‌ನಲ್ಲೇ ಆದರೆ ಅದೇ ವರ್ಷದ ಕ್ಲೇಮು ಕಡಿಮೆ ಕಾಣುತ್ತದೆ. ಖುಷಿಪಡುವ ಹಾಗಿಲ್ಲ. ಆ ಕ್ಲೇಮು ಮುಂದಿನ ಎರಡು ವರ್ಷಕ್ಕೆ ಜಾರಿದೆ ಅಷ್ಟೇ. ಹೀಗಾದರೆ ವರ್ಷದ ಬದಲು ಮೂರು ತಿಂಗಳಿಗೊಮ್ಮೆ ಗುಂಪು ಮಾಡಿ ಇದೇ ಟೇಬಲ್ಲು ಕಟ್ಟುವುದು ಒಳ್ಳೆಯದು.

ಹಳೇ ಸರಾಸರಿ ಸಾಲದ ಕಡೆ

ಒಂದು ಲಾಟ್ ಪೂರ್ತಿ ಕೆಟ್ಟದ್ದು ಬಂತು ಅಂದುಕೊಳ್ಳಿ. 60 ಗ್ರೈಂಡರ್‌ಗಳಲ್ಲಿ 25 ಈಗಾಗಲೇ ಒಂದೇ ಬೇರಿಂಗ್ ತೊಂದರೆಗೆ ವಾಪಸ್ ಬಂದಿವೆ. ಇದನ್ನು ಸರಾಸರಿಗೆ ಬೆರೆಸಿದರೆ ಎರಡು ಕಡೆ ಕೆಡುತ್ತದೆ. ಮುಂದಿನ ಒಳ್ಳೇ ಗ್ರೈಂಡರ್‌ಗಳಿಗೆ ವೃಥಾ ಜಾಸ್ತಿ ತೆಗೆದಿಟ್ಟ ಹಾಗಾಗುತ್ತದೆ, ಉಳಿದ 35 ಕೆಟ್ಟವಕ್ಕೆ ಸಾಕಾಗುವುದಿಲ್ಲ. ಆ ಲಾಟಿನ ಮಾರಾಟ, ಕ್ಲೇಮು ಎರಡನ್ನೂ ಟೇಬಲ್ಲಿನಿಂದ ಹೊರಗೆ ತೆಗೆಯಿರಿ. ಉಳಿದ 35ರಲ್ಲಿ ಎಷ್ಟು ಬರಬಹುದು ಅಂತ ಮೆಕ್ಯಾನಿಕ್‌ನನ್ನೇ ಕೇಳಿ. "ಅರ್ಧಕ್ಕರ್ಧ ಬರ್ತಾವೆ ಸಾರ್" ಅಂದರೆ 18 ಗ್ರೈಂಡರ್, ತಲಾ 1,600, ಅಂದರೆ 28,800 ಬೇರೆ ಸೇರಿಸಿ. ಯಾಕೆ ಸೇರಿಸಿದಿರಿ ಅಂತ ಒಂದು ಸಾಲು ಬರೆದಿಡಿ.

ವಾರಂಟಿಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿದಾಗಲೂ ಹಳೇ ಕ್ಲೇಮುಗಳು ಕೈಕೊಡುತ್ತವೆ. ಎರಡನೇ ವರ್ಷದ ಕ್ಲೇಮಿನ ಇತಿಹಾಸವೇ ನಿಮ್ಮಲ್ಲಿಲ್ಲ. ಆಗ ಗಿರಾಕಿಗಳು ಎರಡನೇ ವರ್ಷದಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡ ರಿಪೇರಿಗಳ ಕಾರ್ಡ್ ತೆಗೆದು ನೋಡಿ. ಅದು ಕನಿಷ್ಠ ಅಂಕಿ. ಫ್ರೀ ಅಂದಾಗ ಸಣ್ಣ ಸದ್ದಿಗೂ ತರುತ್ತಾರೆ, ಪೇಟೆಯ ಬೇರೆ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದವರೂ ನಿಮ್ಮಲ್ಲಿಗೇ ಬರುತ್ತಾರೆ. ಹಾಗಾಗಿ ಅದಕ್ಕಿಂತ ಸ್ವಲ್ಪ ಮೇಲೆಯೇ ಇಟ್ಟು, ಒಂದು ವರ್ಷ ಕಳೆದ ಮೇಲೆ ನಿಜ ಅಂಕಿಗೆ ಸರಿಪಡಿಸಿ.

ಗ್ರೈಂಡರ್, ಗೀಸರ್, ಸ್ಟೆಬಿಲೈಸರ್ ಮೂರಕ್ಕೂ ನಿಮ್ಮದೇ ವಾರಂಟಿ ಇದ್ದರೆ ಮೂರಕ್ಕೂ ಬೇರೆ ಬೇರೆ ಟೇಬಲ್ಲು ಬೇಕು. ವರ್ಷಕ್ಕೆ ಹತ್ತಿಪ್ಪತ್ತು ಪೀಸು ಮಾತ್ರ ಹೋಗುವ ವಸ್ತುವಿಗೆ ಶೇಕಡಾವಾರು ನಂಬಬೇಡಿ. ಒಂದೇ ಒಂದು ದೊಡ್ಡ ರಿಪೇರಿ ದರವನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತದೆ.

ಆಡಿಟರ್ ಮತ್ತು ತೆರಿಗೆಗೆ

ತೆರಿಗೆಯಲ್ಲಿ ಈ ಖರ್ಚು ನಿಲ್ಲುತ್ತದಾ ಅನ್ನೋದು ಎಲ್ಲರ ಪ್ರಶ್ನೆ. ಸುಪ್ರೀಂ ಕೋರ್ಟ್ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಇದನ್ನೇ ತೀರ್ಮಾನಿಸಿತು. ಹಿಂದಿನ ವರ್ಷಗಳ ಅನುಭವದ ಮೇಲೆ, ನಂಬಬಹುದಾದ ಲೆಕ್ಕದಿಂದ ಮಾಡಿದ ವಾರಂಟಿ ಪ್ರಾವಿಷನ್ ಕಾಲ್ಪನಿಕ ಹೊಣೆಯಲ್ಲ, ಅದನ್ನು ಖರ್ಚಾಗಿ ಕಳೆಯಬಹುದು ಅಂದಿತು. ಜೊತೆಗೆ ಹಳೇ ಪ್ರವೃತ್ತಿಯನ್ನು ವರ್ಷ ವರ್ಷವೂ ನೋಡಿ, ಮಿಕ್ಕಿದ್ದನ್ನು ವಾಪಸ್ ಬರೆಯಬೇಕು ಅನ್ನೋದೂ ಅದರಲ್ಲಿದೆ. ಆಮೇಲೆ ಬಂದ ತೆರಿಗೆ ಲೆಕ್ಕದ ನಿಯಮ ಐಸಿಡಿಎಸ್ 10 "ಸಾಕಷ್ಟು ಖಚಿತ" ಅನ್ನುವ ಮಟ್ಟ ಕೇಳುತ್ತದೆ. ಎಎಸ್ 29 ಕೇಳುವ "ಆಗದೇ ಇರುವುದಕ್ಕಿಂತ ಆಗುವ ಸಾಧ್ಯತೆ ಜಾಸ್ತಿ" ಅನ್ನುವುದಕ್ಕಿಂತ ಇದು ಸ್ವಲ್ಪ ಬಿಗಿ. ಹೀಗಾಗಿ "ಸುಮಾರು ಶೇ. 3 ಇರಲಿ" ಅಂತ ದುಂಡಗೆ ಹಾಕಿದ ಅಂಕಿ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.

ಎಎಸ್ 29 ಪಾಲಿಸುವ ಅಂಗಡಿಗಳು ಈ ಮೊತ್ತವನ್ನು ಇವತ್ತಿನ ಮೌಲ್ಯಕ್ಕೆ ಇಳಿಸುವ ಬಡ್ಡಿ ಲೆಕ್ಕ ಮಾಡಬೇಕಾಗಿಲ್ಲ. ಇಂಡ್ ಎಎಸ್ ಅನ್ನುವ ಬೇರೆ ಲೆಕ್ಕದ ನಿಯಮಗಳು ಅನ್ವಯವಾಗುವ ದೊಡ್ಡ ಕಂಪನಿಗಳು, ವ್ಯತ್ಯಾಸ ಗಣನೀಯವಾಗಿದ್ದರೆ, ಮಾಡಬೇಕು.

ಫೈಲಿನಲ್ಲಿ ಇಡಬೇಕಾದದ್ದು ಜಾಸ್ತಿ ಏನಿಲ್ಲ. ಮೇಲಿನ ಟೇಬಲ್ಲು, ಅದರ ಹಿಂದಿನ ಜಾಬ್ ಕಾರ್ಡ್ ಪಟ್ಟಿ, ವಾರಂಟಿ ಕಾರ್ಡಿನ ಒಂದು ಪ್ರತಿ, ಹೋದ ವರ್ಷದ ಅಂದಾಜಿಗೂ ನಿಜ ಖರ್ಚಿಗೂ ಬಂದ ವ್ಯತ್ಯಾಸದ ಒಂದು ಹಾಳೆ, ಲಾಟ್ ಕೆಟ್ಟಂಥ ವಿಶೇಷ ಸಂದರ್ಭ ಇದ್ದರೆ ಅದರ ಟಿಪ್ಪಣಿ. ಟೇಬಲ್ಲಿನಲ್ಲಿ ಈ ವರ್ಷ ರಿಪೇರಿಗೆ ಹೋದ ಒಟ್ಟು ಮೊತ್ತ ಟ್ಯಾಲಿಯ ವಾರಂಟಿ ಖರ್ಚಿನ ಖಾತೆಗೆ, ಅಂದರೆ ವರ್ಷದ ಕೊನೆಯ ಜರ್ನಲ್ ಹಾಕುವ ಮೊದಲಿನ 1,25,000ಕ್ಕೆ, ತಾಳೆ ಆಗುತ್ತದಾ ಅಂತ ಆಡಿಟರ್ ಬರುವ ಮೊದಲೇ ನೋಡಿಕೊಳ್ಳಿ. ತಾಳೆ ಆಗದಿದ್ದರೆ ಸಾಮಾನ್ಯವಾಗಿ ಸಿಗುವ ಕಾರಣ ಎರಡು. ಕಾರ್ಡ್ ಬರೆಯದೆ ಕೊಟ್ಟ ಬೆಲ್ಟು, ಕೆಪಾಸಿಟರ್‌ಗಳು ಒಂದು. ಸಂಬಳದ ಮೆಕ್ಯಾನಿಕ್‌ನ ಪಾಲು ಟೇಬಲ್ಲಿಗೆ ಬಂದು ಖರ್ಚಿನ ಖಾತೆಗೆ ಬರದೆ ಸಂಬಳದ ಖಾತೆಯಲ್ಲೇ ಉಳಿದದ್ದು ಇನ್ನೊಂದು.